ಅಲ್ಗಾರಿದಮ್ ಯಾವ ಬ್ಯಾಂಡನ್ನೂ ಕಂಡುಹಿಡಿಯುವುದಿಲ್ಲ

ವೈಟ್‌ಫೀಲ್ಡ್‌ನ ಟೆಕ್‌ಪಾರ್ಕುಗಳಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳವರೆಗೆ ಒಂದು ಮಾತು ಯಾರ ಪ್ರಶ್ನೆಗೂ ಸಿಗದೆ ಓಡಾಡಿಕೊಂಡಿದೆ. ಹಿಂದೆ ಬ್ಯಾಂಡ್ ಕಟ್ಟಿದವರು ಕ್ಯಾಸೆಟ್ ಕಂಪನಿಗಳ ಬಾಗಿಲು ಕಾಯಬೇಕಿತ್ತಂತೆ. ಈಗ ಯಾರ ಹಂಗೂ ಬೇಡವಂತೆ. ಹಾಡು ಮಾಡಿ, ಅಪ್‌ಲೋಡ್ ಮಾಡಿ. ಚೆನ್ನಾಗಿದ್ದರೆ ಅಲ್ಗಾರಿದಮ್ಮೇ ಕೇಳುಗರನ್ನು ಹುಡುಕಿಕೊಡುತ್ತದೆ, ಕೇಳಿದಷ್ಟಕ್ಕೆ ದುಡ್ಡೂ ಬರುತ್ತದೆ. ಹಾಡು ಓಡಲಿಲ್ಲವೆಂದರೆ ಜನಕ್ಕೆ ಹಿಡಿಸಲಿಲ್ಲ, ಅಷ್ಟೆ.

ಈ ಮಾತು ಈಗಿನ ಬಗ್ಗೆ ಹೇಳುವುದರಲ್ಲಿ ಅಪ್‌ಲೋಡ್ ಮಾಡಬಹುದು ಎಂಬುದೊಂದೇ ನಿಜ. ಉಳಿದದ್ದೆಲ್ಲ ಸುಳ್ಳು. ಹಾನಿ ಮಾಡುವ ಸುಳ್ಳು ಕೂಡ. ಏಕೆಂದರೆ ಅದನ್ನು ನಂಬಿದ ಹುಡುಗರು ತಮ್ಮ ಹಾಡಿಗೆ ಕೇಳುಗರು ಸಿಗದಿದ್ದಾಗ ವ್ಯವಸ್ಥೆಯನ್ನು ಪ್ರಶ್ನಿಸುವುದಿಲ್ಲ, ಗಿಟಾರನ್ನು ಅಟ್ಟಕ್ಕೆ ಹಾಕುತ್ತಾರೆ.

ಹೊಸ ಹಾಡೊಂದು ಈ ಯಂತ್ರದೊಳಗೆ ಹೋದಾಗ ಏನಾಗುತ್ತದೆ ಎಂದು ನೋಡಿದರೆ ಸಾಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಡ್ರಮ್ಮರ್, ಐಟಿ ಕಂಪನಿಗಳಲ್ಲಿರುವ ಇನ್ನು ಮೂವರು ಸೇರಿ ಕನ್ನಡದಲ್ಲಿ ರಾಕ್ ಹಾಡುಗಳನ್ನು ಮಾಡಿದ್ದಾರೆ ಎಂದುಕೊಳ್ಳೋಣ. ಅವರು ನೇರವಾಗಿ ಸ್ಪಾಟಿಫೈಗೆ ಹಾಡು ಕೊಡುವಂತಿಲ್ಲ. ವಿತರಕ ಕಂಪನಿಯೊಂದಕ್ಕೆ ವಾರ್ಷಿಕ ಶುಲ್ಕವನ್ನೋ ಗಳಿಕೆಯಲ್ಲಿ ಪಾಲನ್ನೋ ಕೊಟ್ಟು ಅದರ ಮೂಲಕ ಹೋಗಬೇಕು. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರ ಕಣ್ಣಿಗೆ ಬೀಳಬೇಕೆಂದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಒಂದು ಫಾರ್ಮ್ ತುಂಬಬೇಕು. ಅದರಲ್ಲಿ ಹಾಡಿನ ಪ್ರಕಾರ, ಭಾಷೆ, ಭಾವ, ವಾದ್ಯಗಳು ಯಾವುವು ಎಂದು ಗುರುತು ಹಾಕಿ, ಒಂದು ಸಲಕ್ಕೆ ಒಂದೇ ಹಾಡನ್ನು ಸಂಪಾದಕರ ಮುಂದೆ ಇಡಬಹುದು. ಹಾಡು ಆಯ್ಕೆಯಾಗದಿದ್ದರೆ ಏಕೆ ಎಂದು ಯಾರೂ ಹೇಳುವುದಿಲ್ಲ. ಬಾಗಿಲು ಕಾಯುವ ಕಾಲ ಮುಗಿಯಿತು ಎಂದವರು ಈ ಬಾಗಿಲನ್ನು ನೋಡಿಲ್ಲವೇ? ಕ್ಯಾಸೆಟ್ ಕಂಪನಿಯ ಮ್ಯಾನೇಜರ್ ಬೇಡವೆಂದಾದರೂ ಮುಖ ನೋಡಿ ಹೇಳುತ್ತಿದ್ದ.

ಇಷ್ಟಾದ ಮೇಲೆ ಬರುತ್ತದೆ ಅಲ್ಗಾರಿದಮ್. ಅದಕ್ಕೆ ಹಾಡು ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಈ ಹಾಡನ್ನು ಕೇಳಿದವರು ಬೇರೆ ಏನೇನು ಕೇಳುತ್ತಾರೆ, ಇದು ಯಾರ ಪ್ಲೇಲಿಸ್ಟಿನಲ್ಲಿ ಯಾವ ಹಾಡಿನ ಪಕ್ಕ ಕೂತಿದೆ ಎಂಬುದೇ ಅದರ ಮುಖ್ಯ ಸುಳಿವು. ಹೊಸ ಬ್ಯಾಂಡಿನ ಹಾಡನ್ನು ಮೊದಲ ವಾರ ಕೇಳುವವರು ಯಾರು? ಅಮ್ಮ, ಅತ್ತೆಯ ಮಕ್ಕಳು, ಆಫೀಸಿನ ಪಕ್ಕದ ಸೀಟಿನವರು. ಲಿಂಕ್ ಕಳಿಸಿದ್ದಕ್ಕೆ ಪ್ರೀತಿಯಿಂದ ಕೇಳುತ್ತಾರೆ. ಅಮ್ಮ ಬೆಳಿಗ್ಗೆ ಕೇಳುವುದು ದೇವರನಾಮ, ಪಕ್ಕದ ಸೀಟಿನವರು ಕೇಳುವುದು ಹೊಸ ಸಿನಿಮಾದ ಮೆಲೊಡಿ. ಯಂತ್ರ ಇದನ್ನೆಲ್ಲ ನೋಡಿ, ಈ ಹಾಡು ದೇವರನಾಮ ಮತ್ತು ಸಿನಿಮಾ ಮೆಲೊಡಿಯ ನೆಂಟ ಎಂದು ಅಂದಾಜು ಮಾಡುತ್ತದೆ. ಅಂಥ ಕೇಳುಗರ ಮುಂದೆಯೇ ಅದನ್ನು ಇಡುತ್ತದೆ. ಗಿಟಾರಿನ ಡಿಸ್ಟಾರ್ಷನ್ ಕೇಳಿದೊಡನೆ ಅವರು ಸ್ಕಿಪ್ ಮಾಡುತ್ತಾರೆ. ಸ್ಕಿಪ್ ಹೆಚ್ಚಿದಷ್ಟೂ ಯಂತ್ರ ಆ ಹಾಡನ್ನು ಹಿಂದಕ್ಕೆ ಸರಿಸುತ್ತದೆ. ರಾಕ್ ಇಷ್ಟಪಡುವ ಕನ್ನಡಿಗರ ಕಿವಿಗೆ ಬೀಳುವ ಮೊದಲೇ ಹಾಡಿನ ಹಣೆಬರಹ ಮುಗಿದಿರುತ್ತದೆ. ಪಳಗಿದ ಸಂಗೀತಗಾರರು ಹೊಸಬರಿಗೆ, ಮೊದಲ ವಾರ ಮನೆಯವರಿಗೂ ನೆಂಟರಿಗೂ ಲಿಂಕ್ ಕಳಿಸಬೇಡಿ ಎಂದು ಬುದ್ಧಿ ಹೇಳುವ ಸ್ಥಿತಿ ಬಂದಿದೆ. ತನ್ನ ಹಾಡನ್ನು ತನ್ನ ತಾಯಿಗೆ ಕೇಳಿಸಲು ಹೆದರಬೇಕಾದ ವ್ಯವಸ್ಥೆಯನ್ನು ಪ್ರತಿಭೆಯ ಹುಡುಕಾಟ ಎಂದು ಕರೆಯುವುದು ಹೇಗೆ?

ಸ್ಕಿಪ್ ಎಂಬುದು ರಾಕ್ ಸಂಗೀತವನ್ನು ಜೋರಾಗಿಯೇ ಬಡಿದಿದೆ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಲೆಕ್ಕ. 2014ರಲ್ಲಿ ಪಾಲ್ ಲಾಮೆರ್ ಎಂಬ ಎಂಜಿನಿಯರ್ ಸ್ಪಾಟಿಫೈನ ದತ್ತಾಂಶವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಸುಮಾರು ಕಾಲುಭಾಗದಷ್ಟು ಹಾಡುಗಳನ್ನು ಕೇಳುಗರು ಮೊದಲ ಐದು ಸೆಕೆಂಡಿನಲ್ಲೇ ದಾಟಿಸಿಬಿಡುತ್ತಿದ್ದರು. 30 ಸೆಕೆಂಡ್ ಮುಟ್ಟುವಷ್ಟರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಡುಗಳು ಹೋಗಿರುತ್ತಿದ್ದವು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜನಪ್ರಿಯ ಹಾಡುಗಳಲ್ಲಿ ದನಿ ಶುರುವಾಗುವ ಮೊದಲಿನ ವಾದ್ಯಭಾಗ 1980ರ ದಶಕದ ನಡುವೆ ಸರಾಸರಿ 20 ಸೆಕೆಂಡಿಗೂ ಹೆಚ್ಚಿದ್ದದ್ದು 2015ರ ಹೊತ್ತಿಗೆ ಐದು ಸೆಕೆಂಡಿಗೆ ಇಳಿದಿತ್ತು ಎಂದು ತೋರಿಸಿತು.

ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ರಾಕ್ ವಾದ್ಯಗಳ ಜೊತೆ ಹಾಡಿದರು. ಇಂಥ ಹಾಡಿಗೆ ಏರಲು ಸಮಯ ಬೇಕು. ಬೇಸ್ ಗಿಟಾರ್ ಒಂದು ನಡೆಯನ್ನು ಹಿಡಿಯಬೇಕು, ಡ್ರಮ್ಸ್ ಸೇರಬೇಕು, ಆಮೇಲೆ ದನಿ ಬರಬೇಕು. ಆ ಕಾಯುವಿಕೆಯೇ ರಾಕ್‌ನ ಜೀವ. ಆ ಕಾಯುವಿಕೆಗೆ ದಂಡ ಹಾಕುವ ಯಂತ್ರ ಹಾಡನ್ನು ಹುಡುಕುತ್ತಿಲ್ಲ, ಹಾಡು ಹೇಗಿರಬೇಕೆಂದು ಆಜ್ಞೆ ಮಾಡುತ್ತಿದೆ. ಹೊಸ ಬ್ಯಾಂಡುಗಳು ಆ ಆಜ್ಞೆಗೆ ತಲೆಬಾಗಿ ಮೊದಲ ಸೆಕೆಂಡಿನಲ್ಲೇ ಪಲ್ಲವಿ ಇಡುತ್ತಿವೆ, ಗಿಟಾರ್ ಸೋಲೊ ಕತ್ತರಿಸುತ್ತಿವೆ. ಜಗತ್ತನ್ನು ಮುಟ್ಟುವ ಸ್ವಾತಂತ್ರ್ಯ ಎಂದು ಮಾರಲಾದದ್ದು ಇದೇನಾ?

ಇನ್ನು ದುಡ್ಡು. ಕೇಳಿದಷ್ಟಕ್ಕೆ ಕಾಸು ಎಂಬ ನಂಬಿಕೆ ಎಷ್ಟು ಗಟ್ಟಿಯೋ ಅಷ್ಟೇ ಪೊಳ್ಳು. ಸ್ಪಾಟಿಫೈ 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ತಿಂಗಳ ಚಂದಾ ₹119 ಇತ್ತು. ಲೆಕ್ಕ ಸುಲಭವಾಗಲೆಂದು ಅದನ್ನೇ ಹಿಡಿಯೋಣ. ಅದರಲ್ಲಿ ಶೇಕಡ 18 ಜಿಎಸ್‌ಟಿ ಕಳೆದರೆ ಉಳಿಯುವುದು ₹101ರ ಆಸುಪಾಸು. ಕಂಪನಿಯೇ ಹೇಳುವಂತೆ ಆದಾಯದ ಸುಮಾರು ಮೂರನೇ ಎರಡು ಭಾಗ ಹಕ್ಕುದಾರರಿಗೆ, ಅಂದರೆ ₹67. ಇದರಲ್ಲಿ ಮುಕ್ಕಾಲು ಪಾಲು, ಸರಿಸುಮಾರು ₹50, ಧ್ವನಿಮುದ್ರಣ ಯಾರದೋ ಅವರಿಗೆ; ಉಳಿದದ್ದು ಸಾಹಿತ್ಯ ಮತ್ತು ರಾಗಸಂಯೋಜನೆಗೆ. ಆ ಎರಡನೆಯ ಪಾಲು ಬರಲು ಐಪಿಆರ್‌ಎಸ್‌ನಂಥ ಸಂಸ್ಥೆಯಲ್ಲಿ ನೋಂದಣಿ ಬೇಕು. ಅದು ಗೊತ್ತಿಲ್ಲದ ಹೊಸಬರಿಗೆ ಅದೂ ಸಿಗುವುದಿಲ್ಲ.

ಒಬ್ಬ ಚಂದಾದಾರ ದಿನಕ್ಕೆ 20 ಹಾಡಿನಂತೆ ತಿಂಗಳಿಗೆ 600 ಹಾಡು ಕೇಳುತ್ತಾನೆಂದರೆ, ಧ್ವನಿಮುದ್ರಣದ ಪಾಲು ಹಾಡಿಗೆ ಸುಮಾರು ಎಂಟು ಪೈಸೆ. ಒಂದು ಲಕ್ಷ ಸ್ಟ್ರೀಮ್ ಆದರೆ ₹8,000. ನಾಲ್ವರಿಗೆ ಹಂಚಿದರೆ ತಲಾ ಎರಡು ಸಾವಿರ, ಅದೂ ಕೇಳಿದವರೆಲ್ಲ ಚಂದಾ ಕಟ್ಟಿದವರೇ ಆಗಿದ್ದರೆ. ಭಾರತದಲ್ಲಿ ಹೆಚ್ಚಿನವರು ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವರು, ಅವರಿಂದ ಬರುವುದು ಇನ್ನೂ ಕಡಿಮೆ. ಜ್ಯಾಮ್ ರೂಮಿಗೆ ಗಂಟೆಗೆ ₹500 ಎಂದು ಹಿಡಿದರೂ, ಲಕ್ಷ ಸಲ ಕೇಳಿಸಿಕೊಂಡ ಹಾಡಿನ ದುಡ್ಡು 16 ಗಂಟೆಯ ಅಭ್ಯಾಸಕ್ಕೆ ಮುಗಿಯುತ್ತದೆ. ಅದೇ ಬ್ಯಾಂಡ್ ತನ್ನ ಆಲ್ಬಮನ್ನು ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ₹500ಕ್ಕೆ ಮಾರಿದರೆ, ತಾಣದ ಶೇಕಡ 15 ಮತ್ತು ಪಾವತಿ ಶುಲ್ಕ ಕಳೆದು ಕೈಗೆ ಸುಮಾರು ₹400 ಬರುತ್ತದೆ. ಲಕ್ಷ ಸ್ಟ್ರೀಮಿನ ದುಡ್ಡನ್ನು 20 ಜನ ಕೊಡಬಲ್ಲರು. ಒಂದು ಮಿನಿಬಸ್ಸಿನಲ್ಲಿ ಹಿಡಿಸುವಷ್ಟು ಜನ.

ಇದಕ್ಕಿಂತ ದೊಡ್ಡ ಅನ್ಯಾಯ ಹಂಚಿಕೆಯ ವಿಧಾನದಲ್ಲಿದೆ. ಚಂದಾದಾರನ ದುಡ್ಡು ಅವನು ಕೇಳಿದ ಕಲಾವಿದರಿಗೆ ಹೋಗುತ್ತದೆ ಎಂದು ಬಹುತೇಕರು ನಂಬಿದ್ದಾರೆ. ಹೋಗುವುದಿಲ್ಲ. ಎಲ್ಲರ ಹಣವೂ ಒಂದೇ ರಾಶಿಗೆ ಬೀಳುತ್ತದೆ, ಒಟ್ಟು ಸ್ಟ್ರೀಮುಗಳಲ್ಲಿ ಯಾರದು ಎಷ್ಟು ಪಾಲೋ ಅದರಂತೆ ಹಂಚಿಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳು ಇಡೀ ತಿಂಗಳು ನಮ್ಮ ಪೀಣ್ಯದ ಬ್ಯಾಂಡನ್ನು ಮಾತ್ರ, ನೂರು ಸಲ ಕೇಳಿದಳು ಎನ್ನೋಣ. ಅವಳ ಚಂದಾದಲ್ಲಿ ಧ್ವನಿಮುದ್ರಣಕ್ಕೆ ಹೋಗುವ ₹50ರಲ್ಲಿ ಬ್ಯಾಂಡಿಗೆ ಸಿಗುವುದು ನೂರು ಸಲ ಎಂಟು ಪೈಸೆ, ಅಂದರೆ ₹8. ಉಳಿದ ₹42 ಅವಳು ಒಮ್ಮೆಯೂ ಕೇಳದವರಿಗೆ ಹೋಗುತ್ತದೆ: ದಿನವಿಡೀ ಅಂಗಡಿಯಲ್ಲಿ ಓಡುವ ಪ್ಲೇಲಿಸ್ಟಿಗೆ, ಸಾವಿರಾರು ಸಿನಿಮಾ ಹಾಡುಗಳ ಒಡೆತನವಿರುವ ಕಂಪನಿಗಳಿಗೆ. ದರ್ಶಿನಿಯಲ್ಲಿ ಇಡ್ಲಿ ತಿಂದು ಕೊಟ್ಟ ದುಡ್ಡನ್ನು ಎದುರಿನ ಬಿರಿಯಾನಿ ಹೋಟೆಲಿಗೆ ದಾಟಿಸಿದರೆ ಯಾವ ಗಿರಾಕಿ ಸುಮ್ಮನಿರುತ್ತಾನೆ? ಇಲ್ಲಿ ಮಾತ್ರ ಎಲ್ಲರೂ ಸುಮ್ಮನಿದ್ದಾರೆ, ಏಕೆಂದರೆ ಬಿಲ್ಲನ್ನು ಯಾರೂ ತೋರಿಸುವುದಿಲ್ಲ.

ಆ ₹8 ಕೂಡ ಖಚಿತವಲ್ಲ. 2024ರ ಆರಂಭದಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಧ್ವನಿಮುದ್ರಣದ ಗೌರವಧನವೇ ಇಲ್ಲ. ಪೀಣ್ಯದ ಹುಡುಗರ ಆಲ್ಬಮ್‌ನಲ್ಲಿ ಎಂಟು ಹಾಡು, ಒಂದೊಂದೂ ವರ್ಷದಲ್ಲಿ 900 ಸಲ ಓಡಿತು ಎಂದರೆ ಒಟ್ಟು 7,200 ಸ್ಟ್ರೀಮ್, ನಮ್ಮ ಲೆಕ್ಕದಲ್ಲಿ ₹576. ಅವರಿಗೆ ಬರುವುದು ಸೊನ್ನೆ. ಆ ಹಣವನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ, ನಿಜ. ಗಡಿ ದಾಟಿದ ಹಾಡುಗಳಿಗೆ ಹಂಚುತ್ತದೆ. ಇಲ್ಲದವರಿಂದ ಕಿತ್ತು ಇದ್ದವರಿಗೆ ಕೊಡುವುದು ಎಂದರೆ ಇದೇ. ಇಷ್ಟು ಸಣ್ಣ ಮೊತ್ತ ವಿತರಕರ ಖಾತೆಯಲ್ಲೇ ಸಿಕ್ಕಿಕೊಂಡು ಕಲಾವಿದರ ಕೈಸೇರುವುದೇ ಇಲ್ಲ ಎಂಬುದು ಕಂಪನಿಯ ಸಮರ್ಥನೆ. ಕೈಸೇರದಿದ್ದರೆ ಸೇರುವ ದಾರಿ ಮಾಡಬೇಕೇ ಹೊರತು, ಅದನ್ನು ಬೇರೆಯವರಿಗೆ ಕೊಡುವ ಹಕ್ಕು ಎಲ್ಲಿಂದ ಬಂತು? ಸಂಬಳದಲ್ಲಿ ₹576 ಕಡಿಮೆಯಾದರೆ ಎಚ್‌ಆರ್‌ಗೆ ಮೇಲ್ ಬರೆಯುವ ಐಟಿ ಮಂದಿ ಇದನ್ನು ನ್ಯಾಯವೆಂದು ಒಪ್ಪಿಕೊಂಡದ್ದು ಹೇಗೆ?

ಸಾವಿರದ ಗಡಿ ದಾಟಲು ಹೆಣಗುವವರಿಗೆಂದೇ ಎರಡು ಬಲೆಗಳಿವೆ. ಒಂದು ಕಂಪನಿಯದೇ, ಹೆಸರು ಡಿಸ್ಕವರಿ ಮೋಡ್. 2020ರ ನವೆಂಬರ್‌ನಲ್ಲಿ ಘೋಷಿಸಿದ್ದು. ಹಾಡನ್ನು ಇದಕ್ಕೆ ಸೇರಿಸಿದರೆ ಆಟೊಪ್ಲೇ, ರೇಡಿಯೊದಂಥ ಕಡೆ ಯಂತ್ರ ಅದನ್ನು ಹೆಚ್ಚು ಮುಂದಿಡುತ್ತದೆ. ಪ್ರತಿಯಾಗಿ ಅಲ್ಲಿ ಬಂದ ಗಳಿಕೆಯಲ್ಲಿ ಶೇಕಡ 30 ಕಂಪನಿಗೆ. ಎಂಟು ಪೈಸೆ ಐದೂವರೆ ಪೈಸೆಯಾಗುತ್ತದೆ. ಎಲ್ಲರೂ ಸೇರಿದರೆ ಯಾರಿಗೂ ಲಾಭವಿಲ್ಲ, ಎಲ್ಲರ ಪಾಲೂ ಕಡಿಮೆಯಾಗಿರುತ್ತದೆ. ಕೇಳುಗನಿಗೆ ಆ ಹಾಡಿನ ಪಕ್ಕ ಇದು ರಿಯಾಯಿತಿ ಕೊಟ್ಟು ಮುಂದೆ ಬಂದದ್ದು ಎಂಬ ಗುರುತೂ ಇರುವುದಿಲ್ಲ. ರೇಡಿಯೊ ಕೇಂದ್ರಗಳು ಗುಟ್ಟಾಗಿ ಕಾಸು ಪಡೆದು ಹಾಡು ಹಾಕುವುದನ್ನು ಲಂಚವೆಂದು ಹಿಂದೆ ಅಮೆರಿಕ ಕಾನೂನು ಮಾಡಿ ತಡೆಯಿತು. 2021ರಲ್ಲಿ ಅಲ್ಲಿನ ಸಂಸದರಾದ ಜೆರಲ್ಡ್ ನ್ಯಾಡ್ಲರ್ ಮತ್ತು ಹ್ಯಾಂಕ್ ಜಾನ್ಸನ್, ಈ ಯೋಜನೆಯಿಂದ ಕಲಾವಿದರು ಪಾತಾಳಕ್ಕಿಳಿಯುವ ಪೈಪೋಟಿ ನಡೆಸಬೇಕಾದೀತೆಂಬ ಆತಂಕದಿಂದ ಸ್ಪಾಟಿಫೈಗೆ ಪತ್ರ ಬರೆದು ವಿವರಣೆ ಕೇಳಿದರು. ಕಲೆ ಮೆಚ್ಚಿ ಮುಂದಿಡುವುದಕ್ಕೂ ಕೂಲಿ ಬಿಟ್ಟುಕೊಟ್ಟವನನ್ನು ಮುಂದಿಡುವುದಕ್ಕೂ ವ್ಯತ್ಯಾಸ ಕಾಣದವರು ಮಾತ್ರ ಇದನ್ನು ಡಿಸ್ಕವರಿ ಎನ್ನಬಲ್ಲರು.

ಇನ್ನೊಂದು ಬಲೆ ಹೊರಗಿನವರದು. ಇನ್‌ಸ್ಟಾಗ್ರಾಮಿನಲ್ಲಿ ಬ್ಯಾಂಡಿಗೆ ಒಂದು ಸಂದೇಶ ಬರುತ್ತದೆ: ಕೆಲವು ಸಾವಿರ ಕೊಡಿ, ನಿಮ್ಮ ಹಾಡನ್ನು ದೊಡ್ಡ ಪ್ಲೇಲಿಸ್ಟಿಗೆ ಹಾಕುತ್ತೇವೆ. ದುಡ್ಡು ಕೊಟ್ಟ ಎರಡೇ ದಿನದಲ್ಲಿ ಸ್ಟ್ರೀಮ್ ಏರುತ್ತದೆ. ಮೋಸವನ್ನು ಗುರುತಿಸುವುದು ಕಷ್ಟವಲ್ಲ. ಕಲಾವಿದರಿಗೆ ಸಿಗುವ ಅಂಕಿಅಂಶದ ಪುಟ ತೆರೆದು ನೋಡಿದರೆ, ಕನ್ನಡದ ಗಂಧವಿಲ್ಲದ ದೂರದ ಒಂದೆರಡು ಊರುಗಳಿಂದಲೇ ಕೇಳುಗರ ಪ್ರವಾಹ ಬಂದಿರುತ್ತದೆ. ಸ್ಟ್ರೀಮ್ ಸಾವಿರಗಟ್ಟಲೆ, ಆದರೆ ಹಾಡನ್ನು ಉಳಿಸಿಕೊಂಡವರು ಬೆರಳೆಣಿಕೆ, ಹೊಸ ಫಾಲೋವರ್ ಒಬ್ಬರೂ ಇಲ್ಲ. ಅವರು ಕೇಳುಗರಲ್ಲ, ಬಾಟ್‌ಗಳು. ಯಂತ್ರ ಇದನ್ನು ಹಿಡಿದರೆ ಸ್ಟ್ರೀಮ್ ಅಳಿಸಿಹೋಗುತ್ತದೆ, ವಿತರಕರು ಹಾಡನ್ನೇ ತೆಗೆದುಹಾಕಬಹುದು. 2024ರಿಂದ ಇಂಥ ಹಾಡುಗಳಿಗೆ ಸ್ಪಾಟಿಫೈ ವಿತರಕರಿಂದ ದಂಡ ವಸೂಲು ಮಾಡುತ್ತಿದೆ. ವಿತರಕರು ಅದನ್ನು ಬ್ಯಾಂಡಿನ ಮೇಲೆ ಹಾಕಬಹುದು. ಸಂಖ್ಯೆಯೊಂದನ್ನೇ ಯೋಗ್ಯತೆ ಎಂದು ಕಲಿಸಿದ ವ್ಯವಸ್ಥೆಯೇ, ಸಂಖ್ಯೆ ಕೊಳ್ಳಲು ಹೋಗಿ ಬಿದ್ದ ಹುಡುಗರಿಗೆ ಶಿಕ್ಷೆ ಕೊಡುತ್ತಿದೆ.

ಬೆಂಗಳೂರಿಗೆ ಬ್ಯಾಂಡುಗಳನ್ನು ಕಂಡುಹಿಡಿಯುವುದು ಗೊತ್ತಿರಲಿಲ್ಲವೇ? ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಹುಟ್ಟಿದ್ದು ಇಲ್ಲೇ. ಆ ವರ್ಷವೇ ಶುರುವಾದ ಫ್ರೀಡಂ ಜ್ಯಾಮ್, ಹೆಸರಿಲ್ಲದ ಬ್ಯಾಂಡುಗಳಿಗೂ ವೇದಿಕೆ ಕೊಟ್ಟಿತು. ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಸ್ಪರ್ಧೆಗೆ ದೇಶದ ಬ್ಯಾಂಡುಗಳು ಬರುತ್ತಿದ್ದವು. ಸ್ವರಾತ್ಮವನ್ನು ಮುಂದೆ ತಂದದ್ದು 2006ರ ರೇಡಿಯೊ ಸಿಟಿ ಲೈವ್ ಸ್ಪರ್ಧೆ. ಬೆಂಗಳೂರಿನ ಐಟಿ ಉದ್ಯೋಗಿಗಳೇ ಹೆಚ್ಚಿದ್ದ ಅಗಮ್ ಬ್ಯಾಂಡ್ ಹೆಸರು ಮಾಡಿದ್ದು ಎ.ಆರ್. ರೆಹಮಾನ್ ತೀರ್ಪುಗಾರರಾಗಿದ್ದ ಟಿವಿ ಸ್ಪರ್ಧೆಯಿಂದ. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ರಘು ದೀಕ್ಷಿತ್‌ರನ್ನು ಕಂಪನಿಗಳು ವರ್ಷಗಟ್ಟಲೆ ತಿರಸ್ಕರಿಸಿದವು. ಅವರ ಆಲ್ಬಮ್ ಹೊರಬಂದದ್ದು ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೇಳಿ ಮೆಚ್ಚಿದ್ದರಿಂದ, ಬ್ರಿಟನ್ನಿನಲ್ಲಿ ಅದು ಐಟ್ಯೂನ್ಸ್‌ನ ವಿಶ್ವಸಂಗೀತ ಪಟ್ಟಿಯ ತುದಿಗೇರಿದ್ದು 2010ರಲ್ಲಿ ಜೂಲ್ಸ್ ಹಾಲೆಂಡ್ ಅವರ ಟಿವಿ ಕಾರ್ಯಕ್ರಮ ಅವರನ್ನು ಕರೆದಿದ್ದರಿಂದ. ಒಂದೊಂದು ಕಡೆಯೂ ಒಬ್ಬ ಮನುಷ್ಯ ಕೂತು ಪೂರ್ತಿ ಹಾಡು ಕೇಳಿದ್ದ, ಇವರಿಗೆ ಅವಕಾಶ ಕೊಡೋಣ ಎಂದು ತನ್ನ ಹೆಸರನ್ನು ಪಣಕ್ಕಿಟ್ಟಿದ್ದ.

ಆ ಮನುಷ್ಯನನ್ನು ನಗರವೇ ಹೊರಗೆ ಕಳಿಸಿತು. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಕುರಿತ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ, ಪೊಲೀಸರು ಇಂದಿರಾನಗರ ಮುಂತಾದೆಡೆ ಕಾಗದಪತ್ರವಿಲ್ಲದ ಕಡೆಗಳಲ್ಲಿ ಲೈವ್ ಸಂಗೀತ ನಿಲ್ಲಿಸಿದರು. ಹೊಸ ಬ್ಯಾಂಡುಗಳ ನೆಚ್ಚಿನ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಸ್ಪಾಟಿಫೈ ಬಂದದ್ದೂ ಅದೇ ವರ್ಷ. ವೇದಿಕೆ ಹೋದರೇನು, ಆ್ಯಪ್ ಇದೆಯಲ್ಲ ಎಂದು ನಗರ ಸಮಾಧಾನ ಮಾಡಿಕೊಂಡಿತು. ಈಗ ಉಳಿದ ಪಬ್ಬುಗಳಲ್ಲಿ ಬುಕಿಂಗ್ ಮಾಡುವವರು ಡೆಮೊ ಕೇಳುವ ಮೊದಲು ತಿಂಗಳ ಕೇಳುಗರ ಸಂಖ್ಯೆ ಕೇಳುತ್ತಾರೆ. ಸಂಖ್ಯೆಯಿಲ್ಲದವರು ಹಳೆಯ ಇಂಗ್ಲಿಷ್ ಹಾಡುಗಳನ್ನೋ ಸಿನಿಮಾ ಹಾಡುಗಳನ್ನೋ ನುಡಿಸಬೇಕು. ಸಂಖ್ಯೆ ಬೆಳೆಯಲು ವೇದಿಕೆ ಬೇಕು, ವೇದಿಕೆ ಸಿಗಲು ಸಂಖ್ಯೆ ಬೇಕು.

ಇದನ್ನು ಬದಲಿಸಲು ಸಾಧ್ಯವಿದೆ, ಬದಲಿಸಲೇಬೇಕು. ಕೇಳುಗನ ದುಡ್ಡು ಅವನು ಕೇಳಿದವರಿಗೇ ಹೋಗುವ ವಿಧಾನ ಕನಸಲ್ಲ. ಸೌಂಡ್‌ಕ್ಲೌಡ್ 2021ರಲ್ಲೇ ಸ್ವತಂತ್ರ ಕಲಾವಿದರಿಗಾಗಿ ಅದನ್ನು ಜಾರಿಗೆ ತಂದಿತು. ಭಾರತದಲ್ಲಿ ಚಂದಾ ವಸೂಲು ಮಾಡುವ ಪ್ರತಿ ಕಂಪನಿಯೂ ಇದನ್ನೇ ಮಾಡಬೇಕು, ತಿಂಗಳ ಕೊನೆಗೆ ನಿಮ್ಮ ಹಣ ಯಾರಿಗೆ ಎಷ್ಟು ಹೋಯಿತು ಎಂಬ ಬಿಲ್ಲನ್ನು ಚಂದಾದಾರನಿಗೆ ತೋರಿಸಬೇಕು. ಸಾವಿರದ ಗಡಿಯನ್ನು ಕಿತ್ತುಹಾಕಬೇಕು. ಬಾಕಿ ಸಣ್ಣದಾದರೆ ಕೂಡಿಟ್ಟು ಕೊಡಲಿ. ಜಾಹೀರಾತು ಗುಣಮಟ್ಟ ಮಂಡಳಿಯ 2021ರ ಮಾರ್ಗಸೂಚಿಯಂತೆ, ಕಾಸು ಪಡೆದು ಸಾಬೂನು ಹೊಗಳುವ ಇನ್‌ಸ್ಟಾಗ್ರಾಮ್ ಹುಡುಗಿ ಜಾಹೀರಾತು ಎಂದು ಬರೆಯಬೇಕು. ಶೇಕಡ 30 ರಿಯಾಯಿತಿ ಪಡೆದು ಹಾಡನ್ನು ಮುಂದೆ ತಳ್ಳುವ ಕಂಪನಿಗೂ ಅದೇ ನಿಯಮ ಅನ್ವಯಿಸಬೇಕು, ಹಾಡಿನ ಹೆಸರಿನ ಪಕ್ಕದಲ್ಲೇ.

ಇದಿಷ್ಟನ್ನು ದೆಹಲಿಯಿಂದ ಮತ್ತು ಕಂಪನಿಗಳಿಂದ ಕೇಳಬೇಕು. ಉಳಿದದ್ದು ಇಲ್ಲೇ ಆಗಬೇಕು. ಸಣ್ಣ ಜಾಗಗಳಲ್ಲಿ ಲೈವ್ ಸಂಗೀತಕ್ಕೆ ಏಕಗವಾಕ್ಷಿಯ, ದಿನ ಗೊತ್ತುಪಡಿಸಿದ ಪರವಾನಗಿಯನ್ನು ರಾಜ್ಯ ಸರ್ಕಾರ ಕೊಡಬೇಕು. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೊ ಬಂದಾಗಿದೆ; ಒಂದು ತುದಿಯ ಬ್ಯಾಂಡನ್ನು ಇನ್ನೊಂದು ತುದಿಯವರು ಕೇಳಲು ಈಗ ದೂರದ ನೆಪ ಉಳಿದಿಲ್ಲ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ 2012ರಿಂದ ಜಾಝ್‌ಗಾಗಿಯೇ ಒಂದು ರಂಗಮಂದಿರ ನಡೆಸಿಕೊಂಡು ಬಂದಿದೆ, ಅಂದರೆ ಈ ಬಡಾವಣೆಗಳಲ್ಲಿ ಕೂತು ಕೇಳುವ ಜನ ಇದ್ದಾರೆ. ಟೆಕ್‌ಪಾರ್ಕುಗಳ ಆಂಫಿಥಿಯೇಟರುಗಳು, ಕಂಪನಿಗಳ ವಾರ್ಷಿಕೋತ್ಸವಗಳು, ಬ್ರೂವರಿಗಳು ತಿಂಗಳಿಗೆ ಒಂದು ಸಂಜೆಯನ್ನಾದರೂ ಸ್ವಂತ ಹಾಡು ನುಡಿಸುವ ಸ್ಥಳೀಯ ಬ್ಯಾಂಡಿಗೆ ಬಿಡಬೇಕು: ತಿಂಗಳ ಕೇಳುಗರೆಷ್ಟು ಎಂದು ಕೇಳದೆ, ಡೆಮೊವನ್ನು ಕೊನೆಯವರೆಗೆ ಕೇಳಿ ಆಯ್ಕೆ ಮಾಡಿ, ಎಕ್ಸ್‌ಪೋಷರ್ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳದೆ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು. ಆ ಸಂಜೆ ಬಂದ ಇಪ್ಪತ್ತು ಜನ ಮನೆಗೆ ಹೋಗುವ ಮೊದಲು ಆಲ್ಬಮ್ ಕೊಂಡುಕೊಳ್ಳಲಿ.